ಮಧ್ಯಾಹ್ನದ ಓವನ್‌ಗೆ ಒಂದು ಬೆಲೆ: ನಮ್ಮ ಬೇಕರಿಯಲ್ಲಿ ಯಾವುದಕ್ಕೆ ರೇಟ್ ಏರಿಸಿದೆವು, ಯಾವುದಕ್ಕೆ ಇಲ್ಲ

ನಮ್ಮದು ತುಮಕೂರಿನಲ್ಲಿ ಕಾಲೇಜಿನ ಹತ್ತಿರ ಇರುವ ಸಣ್ಣ ಬೇಕರಿ. ಅಯ್ಯಂಗಾರ್ ಬೇಕರಿಗಳಲ್ಲಿ ಸಿಗುವ ಮಾಮೂಲಿ ಸಾಮಾನೇ ಇಲ್ಲೂ ಸಿಗುತ್ತದೆ. ಬ್ರೆಡ್ಡು, ಬನ್ನು, ಖಾರಾ ಬನ್, ಪಫ್ಸ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ರಸ್ಕ್. ಓವನ್ ಒಂದೇ. ಗ್ಯಾಸಿನದು, ಮೂರು ಡೆಕ್, ಆರು ಟ್ರೇ ಹಿಡಿಸುತ್ತದೆ. ಇನ್ನೊಂದು ಓವನ್ ತಂದರೆ ಇಡೋಕೆ ಜಾಗವೇ ಇಲ್ಲ.

ಕಾಲೇಜು ಬಿಟ್ಟ ಮೇಲೆ ಸಂಜೆ ಏಳರವರೆಗೆ ಗಿರಾಕಿಗಳು ಬರುತ್ತಲೇ ಇರುತ್ತಾರೆ. ಆದರೆ ಪಫ್ಸ್ ಐದೂಕಾಲಿಗೇ ಖಾಲಿ. ಆಮೇಲೆ ಬಂದವರು ಗಾಜಿನೊಳಗೆ ಒಮ್ಮೆ ನೋಡಿ, ಎದುರಿನ ಗಾಡಿಗೆ ಹೋಗುತ್ತಾರೆ. ಒಳಗೆ ಇನ್ನಷ್ಟು ಟ್ರೇ ತಯಾರಿರುತ್ತವೆ, ಓವನ್‌ನಲ್ಲಿ ಮಾತ್ರ ಜಾಗ ಇರುವುದಿಲ್ಲ. ರೇಟ್ ಏರಿಸುವ ಯೋಚನೆ ಬಂದದ್ದು ಇದರಿಂದ. ಆದರೆ ಯಾವುದಕ್ಕೆ? ಎಲ್ಲದಕ್ಕೂ ಒಂದೊಂದು ರೂಪಾಯಿ ಹಾಕುವುದು ಸುಲಭ. ಹಾಗೆ ಮಾಡಿದರೆ ಓವನ್ ಮುಂದೆ ನಿಂತ ಸಾಲು ಹಾಗೇ ಇರುತ್ತದೆ.

ಮೊದಲು ನೋಡಬೇಕಾದದ್ದು, ಇಕ್ಕಟ್ಟು ನಿಜವಾಗಿ ಓವನ್ನಿನದೇನಾ ಅಂತ. ತುಂಬಿದ ಟ್ರೇ ಓವನ್ನಿಗಾಗಿ ಕಾಯುತ್ತಿದ್ದರೆ ಓವನ್ ಇಕ್ಕಟ್ಟು. ಬಿಸಿಯಾದ ಡೆಕ್ ಖಾಲಿ ನಿಂತು ಟ್ರೇಗಾಗಿ ಕಾಯುತ್ತಿದ್ದರೆ ಕೈಗಳ ಇಕ್ಕಟ್ಟು. ಬನ್ನೇ ಇದನ್ನು ಹೇಳಿಬಿಡುತ್ತದೆ. ಉಬ್ಬಿದ ಹಿಟ್ಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಳಿ ನಿಧಾನವಾಗಿ ಮೇಲೆ ಬರಬೇಕು. ಗುಳಿ ಹಾಗೇ ನಿಂತರೆ ಹಿಟ್ಟು ಕಾದು ಕಾದು ಮಿತಿಮೀರಿ ಉಬ್ಬಿದೆ ಅಂತ ಅರ್ಥ. ಅಂಥ ಬನ್ ಬೆಂದ ಮೇಲೆ ಚಪ್ಪಟೆಯಾಗುತ್ತದೆ, ಮೇಲೆ ಸುಕ್ಕು ಬೀಳುತ್ತದೆ. ನಮ್ಮಲ್ಲಿ ಮಧ್ಯಾಹ್ನದ ಬನ್ ಹೀಗಾಗುತ್ತಿತ್ತು, ಬೆಳಗಿನದು ಆಗುತ್ತಿರಲಿಲ್ಲ. ಅಂದರೆ ಇಕ್ಕಟ್ಟಿರುವುದು ದಿನವಿಡೀ ಅಲ್ಲ, ಸುಮಾರು ಒಂದೂವರೆಯಿಂದ ಐದೂವರೆವರೆಗೆ ಮಾತ್ರ. ನಾಲ್ಕು ಗಂಟೆ, ಆರು ಟ್ರೇ. ಲೆಕ್ಕ ಹಾಕಿದರೆ 1440 ಟ್ರೇ-ನಿಮಿಷ. ನಾವು ಹಂಚಬೇಕಾದ ಆಸ್ತಿ ಇಷ್ಟೇ.

ಮುಂದಿನ ಲೆಕ್ಕ ಬಹಳ ಸರಳ. ಒಂದು ಟ್ರೇ ಮಾಲು ಮಾರಿದರೆ ಬರುವ ದುಡ್ಡಿನಲ್ಲಿ ಆ ಟ್ರೇಗೆ ಬಿದ್ದ ಮಾಲಿನ ಖರ್ಚು ಕಳೆಯಿರಿ. ಉಳಿದದ್ದನ್ನು ಆ ಟ್ರೇ ಓವನ್ನಿನ ಜಾಗ ಹಿಡಿದ ನಿಮಿಷಗಳಿಂದ ಭಾಗಿಸಿ. ಮಾಲಿನ ಖರ್ಚು ಅಂದರೆ ಮೈದಾ, ಸಕ್ಕರೆ, ಕೊಬ್ಬು, ಪಲ್ಯ, ಕವರ್ ಅಷ್ಟೇ. ಬಾಡಿಗೆ, ಸಂಬಳ ಕಳೆಯಬೇಡಿ. ಬನ್ ಬೇಯಿಸಿದರೂ ಪಫ್ಸ್ ಬೇಯಿಸಿದರೂ ಅವು ಬದಲಾಗುವುದಿಲ್ಲ. ಗ್ಯಾಸ್ ಕೂಡ ನಿಮಿಷಕ್ಕೆ ಹೆಚ್ಚುಕಮ್ಮಿ ಒಂದೇ ಉರಿಯುವುದರಿಂದ ಅದನ್ನೂ ಬಿಟ್ಟೆ. ನಿಮಿಷ ಎಣಿಸುವಾಗ ಮಾತ್ರ ಬೇಯುವ ಹೊತ್ತಿನ ಮೇಲೆ ಐದು ನಿಮಿಷ ಸೇರಿಸಿ. ಟ್ರೇ ತೆಗೆದು ಇನ್ನೊಂದು ಇಟ್ಟು ಬಾಗಿಲು ಮುಚ್ಚಿದ ಮೇಲೆ ಡೆಕ್ ಮತ್ತೆ ಕಾವಿಗೆ ಬರಲು ಅಷ್ಟು ಹೊತ್ತು ಬೇಕು.

ಖಾರಾ ಬನ್ ಆಗ 12 ರೂಪಾಯಿ, ಮಾಲಿಗೆ 5. ಟ್ರೇಗೆ 24 ಹಿಡಿಸುತ್ತವೆ, ಎಲ್ಲ ಸೇರಿ 20 ನಿಮಿಷ. ಟ್ರೇಗೆ 168 ಉಳಿಯಿತು, ಅಂದರೆ ನಿಮಿಷಕ್ಕೆ 8.40. ಪಫ್ಸ್ 20 ರೂಪಾಯಿ, ಮಾಲಿಗೆ 9. ಟ್ರೇಗೆ 20, ಹೊತ್ತು 30 ನಿಮಿಷ. ಉಳಿದದ್ದು 220, ನಿಮಿಷಕ್ಕೆ ಸುಮಾರು 7.30. ದಿಲ್‌ಪಸಂದ್ ಒಂದಕ್ಕೆ 90 ಉಳಿಯುತ್ತದೆ, ನೋಡೋಕೆ ರಾಜ. ಆದರೆ ಟ್ರೇಗೆ ಮೂರೇ ಹಿಡಿಸುತ್ತವೆ, 36 ನಿಮಿಷ ಬೇಕು. ನಿಮಿಷಕ್ಕೆ 7.50. ಒಂದರಲ್ಲಿ 90 ರೂಪಾಯಿ ಉಳಿಯುವ ದಿಲ್‌ಪಸಂದ್‌ಗಿಂತ ಒಂದರಲ್ಲಿ ಏಳೇ ರೂಪಾಯಿ ಉಳಿಯುವ ಖಾರಾ ಬನ್ ಮೇಲಿದೆ. ಕೌಂಟರಿನಲ್ಲಿ ನಿಂತವರಿಗೆ ಇದು ಎಂದೂ ಕಾಣುವುದಿಲ್ಲ.

ಕೆಳಗಡೆ ಇದ್ದದ್ದು ಬ್ರೆಡ್ಡು ಮತ್ತು ರಸ್ಕ್. ಬ್ರೆಡ್ಡು ನಿಮಿಷಕ್ಕೆ 3.60. ರಸ್ಕ್ ಅಂತೂ ಎರಡು ಸಲ ಓವನ್ನಿಗೆ ಹೋಗುತ್ತದೆ. ಹೋಳು ಮಾಡಿ ಒಣಗಿಸುವ ಎರಡನೇ ಸುತ್ತಿಗೇ ಒಂದೂಕಾಲು ಗಂಟೆ ಬೇಕು. ಮೊದಲ ಸುತ್ತು ಬಿಟ್ಟು ಎಣಿಸಿದರೂ ನಿಮಿಷಕ್ಕೆ ಒಂದೂಕಾಲು ರೂಪಾಯಿಯ ಆಸುಪಾಸು. ಈ ಪಟ್ಟಿ ನೋಡಿದ ನಮ್ಮ ಭಾವ, "ರಸ್ಕ್ ರೇಟ್ ಡಬಲ್ ಮಾಡು, ಇಲ್ಲಾ ನಿಲ್ಲಿಸು" ಅಂದರು.

ನಾನು ಎರಡೂ ಮಾಡಲಿಲ್ಲ. ರಸ್ಕ್ ಒಣಗುವುದು ರಾತ್ರಿ, ಉರಿ ಆರಿಸುವ ಹೊತ್ತಿಗೆ, ಇಳಿಯುತ್ತಿರುವ ಕಾವಿನಲ್ಲಿ. ಆಗ ಓವನ್ನಿಗೆ ಬೇರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆ ನಿಮಿಷಗಳ ಬೆಲೆ ಸೊನ್ನೆ. ಅಲ್ಲಿ ಒಂದು ರೂಪಾಯಿ ಬಂದರೂ ಲಾಭವೇ. ಬ್ರೆಡ್ಡೂ ಹಾಗೇ, ಬೆಳಗಿನ ಜಾವ ಬೇಯಿಸಿದರೆ ಸಂಜೆಯವರೆಗೂ ಚೆನ್ನಾಗಿರುತ್ತದೆ. ಮೇಲಾಗಿ ಅಂಗಡಿಯ ಪ್ಯಾಕೆಟ್ ಬ್ರೆಡ್ಡಿನ ರೇಟ್ ಎಲ್ಲರಿಗೂ ಗೊತ್ತು. ಅದಕ್ಕೆ ಏರಿಸಿದರೆ ಗಿರಾಕಿ ಸುಮ್ನೆ ಬಿಡುವುದಿಲ್ಲ. ದಿಲ್‌ಪಸಂದ್ ಮಧ್ಯಾಹ್ನ ಎರಡಕ್ಕೆ ಬೇಯುತ್ತಿತ್ತು, ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದಕ್ಕೆ ಸರಿಸಿದೆವು. ಪಟ್ಟಿಯಲ್ಲಿ ಕೆಳಗಿದೆ ಅನ್ನುವ ಒಂದೇ ಕಾರಣಕ್ಕೆ ರೇಟ್ ಏರಿಸಬಾರದು ಅಂತ ನಾನು ಹೇಳುವುದು ಇದಕ್ಕೇ. ಹೊತ್ತು ಬದಲಾಯಿಸಲು ಬರುವುದಿದ್ದರೆ ಮೊದಲು ಹೊತ್ತು ಬದಲಾಯಿಸಿ.

ಇಷ್ಟು ಸರಿಸಿದ ಮೇಲೆ ಮಧ್ಯಾಹ್ನ ಉಳಿದದ್ದು ಮೂರು. ಖಾರಾ ಬನ್, ಪಫ್ಸ್, ಮತ್ತೆ ಒಂದು ಕ್ಯಾಂಟೀನಿಗೆ ಹೋಗುವ 240 ಸಾದಾ ಬನ್. ಈ ಮೂರನೆಯದರ ಲೆಕ್ಕವೇ ನನ್ನ ಕಣ್ಣು ತೆರೆಸಿದ್ದು. ಹೋಲ್‌ಸೇಲ್ ರೇಟ್ 5.50, ಮಾಲಿಗೆ 4. ಟ್ರೇಗೆ 36 ರೂಪಾಯಿ, ನಿಮಿಷಕ್ಕೆ 1.80. ಹತ್ತು ಟ್ರೇ, 200 ನಿಮಿಷ, ಒಟ್ಟು ಉಳಿಕೆ 360. ಅಷ್ಟೇ ಹೊತ್ತಿನಲ್ಲಿ ಪಫ್ಸ್ ಆರು ಟ್ರೇ ಬೇಯುತ್ತವೆ. ಎಲ್ಲ ಮಾರಿದರೆ 1320. ಎಲ್ಲ ಹೋಗುತ್ತವೆ ಅಂತ ನಾನು ನಂಬಲಿಲ್ಲ. ಆದರೆ ನಾಲ್ಕೇ ಟ್ರೇ ಹೋದರೂ 880. ನಾಲ್ಕು ಗಂಟೆಗೆ ಬನ್ ಕೊಡುವ ಆರ್ಡರು ದೊಡ್ಡದು, ದಿನಾ ಬರುವಂಥದು, ದುಡ್ಡೂ ಸರಿಯಾಗಿ ಬರುತ್ತಿತ್ತು. ಆದರೂ ಅದು ನಮ್ಮ ಪಫ್ಸ್ ಜಾಗ ತಿನ್ನುತ್ತಿತ್ತು.

ಹಾಗಾದರೆ ಆ ಹೊತ್ತಿನ ಬನ್ನಿಗೆ ಸರಿಯಾದ ರೇಟ್ ಎಷ್ಟು? ಅದು ಓಡಿಸುವ ಪಫ್ಸ್ ನಿಮಿಷಕ್ಕೆ 7.30 ತರುತ್ತಿತ್ತು. ಬನ್ ಟ್ರೇ 20 ನಿಮಿಷ ಕೂರುತ್ತದೆ, ಅಂದರೆ 146. ಅದನ್ನು 24ಕ್ಕೆ ಹಂಚಿದರೆ ಬನ್ನಿಗೆ ಸುಮಾರು 6. ಮಾಲಿನ ನಾಲ್ಕು ಸೇರಿಸಿ 10 ರೂಪಾಯಿ. ಹತ್ತಕ್ಕೆ ಹೋಲ್‌ಸೇಲ್ ಬನ್ ಯಾರು ತಗೋತಾರೆ? ನಾನು ಕ್ಯಾಂಟೀನಿನವರಿಗೆ ಎರಡು ರೇಟ್ ಹೇಳಿದೆ. "ಅಣ್ಣ, ಹನ್ನೊಂದು ಗಂಟೆಗೆ ತಗೊಂಡರೆ ಐದೂವರೇನೇ. ನಾಲ್ಕಕ್ಕೇ ಬೇಕು ಅಂದರೆ ಹತ್ತು." ಅವರು ಸ್ವಲ್ಪ ಮುನಿಸಿಕೊಂಡರು. "ಬನ್ ಅದೇ ಅಲ್ವೇನಪ್ಪಾ?" ಅಂದರು. ಬನ್ ಅದೇ, ಓವನ್ನಿನ ಹೊತ್ತು ಬೇರೆ ಅಂತ ವಿವರಿಸಿದೆ. ಕೊನೆಗೆ ಹನ್ನೊಂದಕ್ಕೇ ಒಪ್ಪಿಕೊಂಡರು. ಬನ್ ಆರಿದ ಮೇಲೇ ಕವರಿಗೆ ಹಾಕಿಕೊಡುತ್ತೇವೆ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಅಂಟಂಟಾಗುತ್ತದೆ.

ಇನ್ನು ಚಿಲ್ಲರೆ ರೇಟು. ಖಾರಾ ಬನ್ ನಿಮಿಷಕ್ಕೆ ಎಲ್ಲಕ್ಕಿಂತ ಜಾಸ್ತಿ ಕೊಡುತ್ತಿತ್ತಲ್ಲ, ಅದಕ್ಕೆ ಏರಿಸಲಿಲ್ಲ. ಹೆಚ್ಚು ಕೊಡುವುದನ್ನು ಹೆಚ್ಚು ಬೇಯಿಸಬೇಕು, ಏಳರವರೆಗೆ ಸಿಗುವಷ್ಟು. ಏರಿಸಬೇಕಾದದ್ದು ಪಫ್ಸ್‌ಗೆ. ಅದು ಬೇಗ ಖಾಲಿಯಾಗುತ್ತದೆ, ನಿಮಿಷಕ್ಕೆ ಖಾರಾ ಬನ್ನಿಗಿಂತ ಕಡಿಮೆ ಕೊಡುತ್ತದೆ, ಬೇರೆ ಹೊತ್ತಿಗೆ ಸರಿಸಲೂ ಬರುವುದಿಲ್ಲ. ಬೆಳಗ್ಗೆ ಬೇಯಿಸಿದ ಪಫ್ಸ್ ಸಂಜೆಗೆ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಚಿಲ್ಲರೆ ತಾಪತ್ರಯ ಬೇಡ ಅಂತ 22 ಬಿಟ್ಟು ಸೀದಾ 25 ಮಾಡಿದೆ.

ರೇಟ್ ಏರಿಸಿದರೆ ಗಿರಾಕಿ ಕಡಿಮೆಯಾಗುತ್ತಾರೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಓವನ್ ಇಕ್ಕಟ್ಟಿರುವಾಗ ಆ ಲೆಕ್ಕ ಬೇರೆ. 20 ರೂಪಾಯಿಗೆ ಏಳು ಟ್ರೇ ಹೋದರೆ 1540 ಉಳಿಯುತ್ತದೆ. 25ಕ್ಕೆ ಐದೇ ಟ್ರೇ ಹೋದರೂ ಟ್ರೇಗೆ 320ರಂತೆ 1600. ಬಿಟ್ಟುಹೋದ ಎರಡು ಟ್ರೇ 60 ನಿಮಿಷ ಖಾಲಿ ಮಾಡಿಕೊಟ್ಟವು. ಅದರಲ್ಲಿ ಖಾರಾ ಬನ್ ಮೂರು ಟ್ರೇ, 504 ರೂಪಾಯಿ. ಕಳೆದುಹೋದ ಗಿರಾಕಿಯ ಜಾಗಕ್ಕೆ ಇನ್ನೊಬ್ಬರು ಬಂದರು. ಖಾರಾ ಬನ್ ಮಾರದೇ ಉಳಿಯುವ ಅಂಗಡಿಯಲ್ಲಿ ಈ ಎರಡನೇ ಭಾಗ ಇರುವುದಿಲ್ಲ, ಅದು ನೆನಪಿರಲಿ.

ಅದನ್ನು ತಿಳಿಯಲು ನಾವು ಮಾಡುವುದು ಇಷ್ಟೇ. ಕೌಂಟರ್ ಪಕ್ಕದ ಗೋಡೆಗೆ ಕ್ಯಾಲೆಂಡರ್ ಹಾಕಿದ್ದೇವೆ. ಯಾವುದು ಎಷ್ಟು ಗಂಟೆಗೆ ಖಾಲಿಯಾಯಿತು ಅಂತ ಆ ದಿನದ ಚೌಕದಲ್ಲಿ ಹುಡುಗ ಬರೆಯುತ್ತಾನೆ. ಮುಚ್ಚುವ ಹೊತ್ತಿಗೆ ಉಳಿದದ್ದನ್ನೂ ಬರೆಯುತ್ತಾನೆ. ಪಫ್ಸ್ ಆರೂವರೆಗೆ ಖಾಲಿಯಾದರೆ ರೇಟ್ ಸರಿಯಾಗಿದೆ. ಐದಕ್ಕೇ ಖಾಲಿಯಾಗತೊಡಗಿದರೆ ಮತ್ತೆ ಲೆಕ್ಕ ಹಾಕಬೇಕು. ರಾತ್ರಿ ಟ್ರೇಗಟ್ಟಲೆ ಉಳಿಯುತ್ತಿದ್ದರೆ ಓವನ್ ಈಗ ಇಕ್ಕಟ್ಟಲ್ಲ, ನಿಮಿಷದ ಲೆಕ್ಕವೇ ಬೇಡ.

ಡೆಕ್ಕಿನ ಕಾವನ್ನೂ ನೋಡಿಕೊಳ್ಳಬೇಕು. ನಮ್ಮ ಓವನ್ನಿನಲ್ಲಿ ಬನ್ 220 ಡಿಗ್ರಿಗೆ, ಪಫ್ಸ್ 200ಕ್ಕೆ. ಒಂದೇ ಡೆಕ್ಕಿನಲ್ಲಿ ಬನ್, ಪಫ್ಸ್, ಮತ್ತೆ ಬನ್ ಅಂತ ಬದಲಾಯಿಸುತ್ತಾ ಹೋದರೆ ಕಾವು ಏರಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ, ಕಾಗದದ ಮೇಲಿನ 8.40 ಕೈಗೆ ಬರುವುದಿಲ್ಲ. ಹಾಗಾಗಿ ಮಧ್ಯಾಹ್ನ ಒಂದು ಡೆಕ್ ಬನ್ನಿಗೇ, ಎರಡು ಪಫ್ಸ್‌ಗೇ. ಕೊನೆಯ ಒಂದು ಗಂಟೆಯಲ್ಲಿ ಮಾತ್ರ ಬದಲಾವಣೆ.

ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜಿಗೆ ರಜೆ ಬಂದರೆ ಈ ಇಕ್ಕಟ್ಟೇ ಮಾಯ. ಆಗ ಕ್ಯಾಂಟೀನಿನವರಿಗೆ ನಾಲ್ಕು ಗಂಟೆಗೂ ಐದೂವರೆಯ ರೇಟೇ. ಹಬ್ಬಕ್ಕೆ ಇಬ್ಬರು ಹುಡುಗರು ಊರಿಗೆ ಹೋದಾಗ ಇನ್ನೊಂದು ಥರ. ಆಗ ಓವನ್ ಖಾಲಿ ಇರುತ್ತದೆ, ಕೈ ಇರುವುದಿಲ್ಲ. ಪಫ್ಸ್ ಹಿಟ್ಟನ್ನು ಮಡಚಿ, ತಣ್ಣಗೆ ಮಾಡಿ, ಮತ್ತೆ ಲಟ್ಟಿಸಿ, ಕತ್ತರಿಸಿ, ಪಲ್ಯ ತುಂಬುವುದರಲ್ಲಿ ನಮ್ಮ ಮಾಸ್ಟರ್ ಮಧ್ಯಾಹ್ನವೇ ಮುಗಿದುಹೋಗುತ್ತದೆ. ಅಂಥ ದಿನ ನಿಮಿಷವನ್ನು ಮಾಸ್ಟರ್ ಕೈಯ ಮೇಲೆ ಎಣಿಸುತ್ತೇನೆ. ಪಫ್ಸ್ ಎರಡೇ ಟ್ರೇ ಮಾಡಿ, ಉಳಿದದ್ದೆಲ್ಲ ಖಾರಾ ಬನ್ ಮತ್ತು ಬಿಸ್ಕತ್ತಿಗೆ ಬಿಡುತ್ತೇವೆ.