ಯಾರಿಗೂ ಅನ್ವಯಿಸದ 30 ದಿನಗಳ ಸರಾಸರಿ: ನೇಮಕಾತಿ ವರದಿಯ ನನ್ನ ಅನುಭವ

ಕೋಲಾರ ಜಿಲ್ಲೆಯ ವೇಮಗಲ್ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಖಾಲಿ ಹುದ್ದೆಗಳು ಎಷ್ಟು, ಯಾವ ಹಂತದಲ್ಲಿ ಎಷ್ಟು ಅಭ್ಯರ್ಥಿಗಳಿದ್ದಾರೆ, ಒಂದು ಹುದ್ದೆ ತುಂಬಲು ಸರಾಸರಿ ಎಷ್ಟು ದಿನ ಹಿಡಿಯುತ್ತಿದೆ ಎಂಬ ವರದಿಯನ್ನು ಪ್ರತಿ ತಿಂಗಳ ಮೊದಲ ವಾರ ಎಕ್ಸೆಲ್‌ನಲ್ಲಿ ಸಿದ್ಧಪಡಿಸುವುದು ನನ್ನ ಹೊಣೆ.

ಒಂದು ಮಾರ್ಚ್ ತಿಂಗಳ ವರದಿಯಲ್ಲಿ ಸರಾಸರಿ 30 ದಿನ ಎಂದು ಬಂದಿತು. ಫೆಬ್ರುವರಿಯಲ್ಲಿ ಅದು 14 ಇತ್ತು. ಸಭೆಯಲ್ಲಿ ನಮ್ಮ ಪ್ಲಾಂಟ್ ಮ್ಯಾನೇಜರ್, "ಒಂದೇ ತಿಂಗಳಲ್ಲಿ ನಿಮ್ಮ ಕೆಲಸ ಇಷ್ಟು ನಿಧಾನವಾಯಿತೇ?" ಎಂದು ಕೇಳಿದಾಗ, "ಸರ್, ನೋಡಿ ಹೇಳುತ್ತೇನೆ" ಎನ್ನುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಸಂಜೆ ಆ ತಿಂಗಳು ಸೇರಿದ ಒಂಬತ್ತು ಮಂದಿಯ ದಿನಗಳನ್ನು ಬಿಡಿಬಿಡಿಯಾಗಿ ಬರೆದುಕೊಂಡೆ. ಏಳು ಮಂದಿ ಐಟಿಐ ಮುಗಿಸಿದ ಆಪರೇಟರ್‌ಗಳು. ಅವರಿಗೆ ಹಿಡಿದದ್ದು 11, 12, 14, 14, 15, 16 ಮತ್ತು 18 ದಿನ. ಉಳಿದಿಬ್ಬರಲ್ಲಿ ನಿರ್ವಹಣಾ ವಿಭಾಗದ ಎಲೆಕ್ಟ್ರಿಷಿಯನ್‌ಗೆ 64 ದಿನ, ಗುಣಮಟ್ಟ ವಿಭಾಗದ ಎಂಜಿನಿಯರ್‌ಗೆ 106 ದಿನ. ಒಟ್ಟು 270 ದಿನವನ್ನು ಒಂಬತ್ತರಿಂದ ಭಾಗಿಸಿದರೆ 30 ಬರುವುದು ಸರಿಯೇ, ಆದರೆ 30ರ ಆಸುಪಾಸಿನಲ್ಲಿ ಸೇರಿದವರು ಒಬ್ಬರೂ ಇರಲಿಲ್ಲ. ಫೆಬ್ರುವರಿಯಲ್ಲಿ ಬರೀ ಆಪರೇಟರ್‌ಗಳು ಸೇರಿದ್ದರು. ಬಹುದಿನಗಳಿಂದ ಖಾಲಿ ಬಿದ್ದಿದ್ದ ಎರಡು ಹುದ್ದೆಗಳು ಕೊನೆಗೂ ತುಂಬಿದ್ದೇ ಮಾರ್ಚ್ ಅಂಕಿಯನ್ನು ಕೆಡಿಸಿತ್ತು. ಅವು ಖಾಲಿಯೇ ಉಳಿದಿದ್ದರೆ ನನ್ನ ವರದಿ ಚೆನ್ನಾಗಿ ಕಾಣುತ್ತಿತ್ತು. ಇದು ನನ್ನನ್ನು ಬಹಳ ಕಾಡಿತು.

ಆದ್ದರಿಂದ ಮೊದಲು ಆಪರೇಟರ್‌ಗಳನ್ನೂ ತಾಂತ್ರಿಕ ಹುದ್ದೆಗಳನ್ನೂ ಬೇರೆ ಸಾಲುಗಳಾಗಿ ಮಾಡಿ, ಸರಾಸರಿಯ ಪಕ್ಕದಲ್ಲಿ, ದಿನಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿಯಾದ ಮಧ್ಯಾಂಕವನ್ನೂ ಎಷ್ಟು ಜನರ ಲೆಕ್ಕ ಅದು ಎಂಬುದನ್ನೂ ಬರೆದೆ. ಒಂಬತ್ತು ಮಂದಿಯ ಮಧ್ಯಾಂಕ 15 ದಿನ. ತಿಂಗಳಿಗೆ ಒಬ್ಬಿಬ್ಬರೇ ಸೇರುವ ತಾಂತ್ರಿಕ ಹುದ್ದೆಗಳಿಗೆ ಮಧ್ಯಾಂಕವೂ ಏನನ್ನೂ ಹೇಳುವುದಿಲ್ಲವಾದ್ದರಿಂದ ಅಲ್ಲಿ ಪ್ರತಿಯೊಂದರ ದಿನವನ್ನೂ ಹಾಗೆಯೇ ಬರೆಯುತ್ತೇನೆ. ದಿನಗಳನ್ನು ನಾವು ಹುದ್ದೆಗೆ ಮಂಜೂರಾತಿ ಸಿಕ್ಕ ದಿನಾಂಕದಿಂದ ಕೆಲಸಕ್ಕೆ ಹಾಜರಾದ ದಿನಾಂಕದವರೆಗೆ ಎಣಿಸುತ್ತೇವೆ. ಅರ್ಜಿ ಬಂದ ದಿನದಿಂದ ಎಣಿಸುವ ಪದ್ಧತಿಯೂ ಇದೆ, ಆದರೆ ತಕ್ಕ ಅರ್ಜಿಯೇ ಬಾರದೆ ಕಳೆದ ವಾರಗಳು ಅದರಲ್ಲಿ ಕಾಣುವುದಿಲ್ಲ.

ಎರಡನೆಯ ಬದಲಾವಣೆಗೆ ಹೆಚ್ಚು ಶ್ರಮ ಬೇಕಾಯಿತು. ಅದುವರೆಗೆ ಅಭ್ಯರ್ಥಿಗಳ ಹಾಳೆಯಲ್ಲಿ 'ಈಗಿನ ಹಂತ' ಎಂಬ ಒಂದೇ ಕಾಲಂ ಇತ್ತು. ಹಂತ ಬದಲಾದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಿದ್ದೆ. 'ಸಂದರ್ಶನದಲ್ಲಿ ನಾಲ್ವರು' ಎಂದು ವರದಿ ಹೇಳುತ್ತಿತ್ತೇ ಹೊರತು ಅವರು ನಿನ್ನೆ ಬಂದವರೋ ಮೂರು ವಾರದಿಂದ ಕಾಯುತ್ತಿರುವವರೋ ತಿಳಿಯುತ್ತಿರಲಿಲ್ಲ. ಅರ್ಜಿ, ಪರಿಶೀಲನೆ, ಸಂದರ್ಶನ, ಆಫರ್, ಹಾಜರಾತಿ, ಈ ಐದಕ್ಕೂ ಒಂದೊಂದು ದಿನಾಂಕದ ಕಾಲಂ ಮಾಡಿ, ಹಳೆಯ ಇ-ಮೇಲ್‌ಗಳಿಂದ ದಿನಾಂಕಗಳನ್ನು ಹೆಕ್ಕಿ ತುಂಬಿದೆ. ಎಲೆಕ್ಟ್ರಿಷಿಯನ್ ಹುದ್ದೆಯ 64 ದಿನ ಆಗ ಬಿಡಿಸಿಕೊಂಡಿತು: ತಕ್ಕ ಅಭ್ಯರ್ಥಿ ಸಿಕ್ಕಿ ಸಂದರ್ಶನದ ಹಂತಕ್ಕೆ ಬರುವವರೆಗೆ 33, ವಿಭಾಗದ ಮುಖ್ಯಸ್ಥರ ಬಿಡುವಿಗಾಗಿ ಕಾದು ಸಂದರ್ಶನ ಮುಗಿದು ಆಫರ್ ಹೊರಡುವವರೆಗೆ 19, ಆಮೇಲೆ ಹಾಜರಾಗಲು 12.

ಎಂಜಿನಿಯರ್ ಹುದ್ದೆಯ ಕಥೆ ಬೇರೆ. 41ನೇ ದಿನವೇ ಒಬ್ಬರು ಆಫರ್ ಒಪ್ಪಿದ್ದರು. 30 ದಿನದ ನೋಟಿಸ್ ಪೀರಿಯಡ್ ಮುಗಿಸಿ 71ನೇ ದಿನ ಬರಬೇಕಿದ್ದವರು ಬರಲೇ ಇಲ್ಲ, ಹಳೆಯ ಕಂಪನಿಯವರೇ ಸಂಬಳ ಏರಿಸಿ ಉಳಿಸಿಕೊಂಡಿದ್ದರು. ಆ 30 ದಿನವೂ ನನ್ನ ವರದಿಯಲ್ಲಿ ಆ ಹುದ್ದೆ ತುಂಬಿದಂತೆ ಕಾಣುತ್ತಿತ್ತು, ಏಕೆಂದರೆ ಆಫರ್ ಒಪ್ಪಿದೊಡನೆ ಅದನ್ನು ಖಾಲಿ ಪಟ್ಟಿಯಿಂದ ತೆಗೆದಿದ್ದೆ. ಈಗ ಹಾಜರಾಗುವವರೆಗೂ ಹುದ್ದೆ ಪಟ್ಟಿಯಲ್ಲೇ ಇರುತ್ತದೆ, ಇತರ ಅಭ್ಯರ್ಥಿಗಳಲ್ಲಿ ಒಬ್ಬರನ್ನಾದರೂ ನಾವು ಕೈಬಿಡದೆ ಉಳಿಸಿಕೊಳ್ಳುತ್ತೇವೆ. ಯುಗಾದಿ ಹತ್ತಿರವಿದ್ದಾಗ "ಹಬ್ಬ ಮುಗಿಸಿಕೊಂಡು ಬರುತ್ತೇವೆ" ಎನ್ನುವವರು ಹೆಚ್ಚು. ಅವರನ್ನೂ 'ಆಫರ್' ಹಂತದಲ್ಲೇ ಇಡುತ್ತೇನೆ.

ಕೊನೆಯದಾಗಿ, ಇನ್ನೂ ತುಂಬದ ಹುದ್ದೆಗಳ ವಯಸ್ಸಿಗೆ, ಅಂದರೆ ಮಂಜೂರಾಗಿ ಎಷ್ಟು ದಿನವಾಯಿತು ಎಂಬುದಕ್ಕೆ, ಒಂದು ಕಾಲಂ ಸೇರಿಸಿದೆ. C ಮಂಜೂರಾತಿಯ ದಿನಾಂಕ, F ಹಾಜರಾತಿಯ ದಿನಾಂಕ:

```
=IF(F2="",TODAY()-C2,"")
```

ಇದು ಸರಿಯಾಗಿ ನಡೆಯಬೇಕಾದರೆ ಒಂದು ಖಾಲಿ ಜಾಗಕ್ಕೆ ಒಂದು ಸಾಲು ಇರಬೇಕು. ಎಂಟು ಆಪರೇಟರ್‌ಗಳ ಬೇಡಿಕೆಯನ್ನು ಒಂದೇ ಸಾಲಿನಲ್ಲಿ ಬರೆದರೆ, ಮೊದಲನೆಯವರು ಸೇರಿದೊಡನೆ ಉಳಿದ ಏಳೂ ಮರೆಯಾಗುತ್ತವೆ.

ಮುಂದಿನ ಸಭೆಗೆ ಈ ಹಾಳೆಯನ್ನು ವಯಸ್ಸಿನ ಇಳಿಕೆಯ ಕ್ರಮದಲ್ಲಿ ಜೋಡಿಸಿ ಒಯ್ದೆ. ಮೊದಲ ಸಾಲಿನಲ್ಲಿ ಟೂಲ್ ರೂಂ ಮೇಲ್ವಿಚಾರಕರ ಹುದ್ದೆಯಿತ್ತು: 142 ದಿನ, ಸಂದರ್ಶನದಲ್ಲಿ ಸೊನ್ನೆ, ಆಫರ್‌ನಲ್ಲಿ ಸೊನ್ನೆ. ಅಲ್ಲಿಯವರೆಗೆ ಯಾವ ಸರಾಸರಿಯಲ್ಲೂ ಬಾರದಿದ್ದ ಆ ಹುದ್ದೆಯ ಬಗ್ಗೆಯೇ ಅಂದು ಅರ್ಧ ಗಂಟೆ ಮಾತು ನಡೆದು, ಬೇಡಿದ್ದ ಹತ್ತು ವರ್ಷದ ಅನುಭವವನ್ನು ಆರಕ್ಕೆ ಇಳಿಸಲು ಮ್ಯಾನೇಜರ್ ಒಪ್ಪಿದರು.