ಗೋಡೆ ಎದ್ದ ಮೇಲೆ ಕೇಳಿದ ಬಾತ್‌ರೂಮ್

ಮೈಸೂರಿನಲ್ಲಿ ಮನೆ ಕಟ್ಟಿಸಿಕೊಡುವ ಕೆಲಸ ನನ್ನದು. ನಮ್ಮ ಕಡೆ ಹೆಚ್ಚಿನ ಒಪ್ಪಂದ ಚದರಡಿ ರೇಟಿನ ಮೇಲೆ ಆಗುತ್ತದೆ. ಜಗಳ ಹುಟ್ಟುವುದೂ ಅಲ್ಲೇ. ಏರಿಯಾ ಬದಲಾಗದಿದ್ದರೆ ದುಡ್ಡೂ ಬದಲಾಗಬಾರದು ಎಂದು ಮಾಲೀಕರಿಗೆ ಅನಿಸುತ್ತದೆ. ಅದು ತಪ್ಪೂ ಅಲ್ಲ, ಆ ಲೆಕ್ಕ ಹೇಳಿಕೊಟ್ಟವರು ನಾವೇ ತಾನೇ!

ಒಂದು ಮನೆಯಲ್ಲಿ ಮೊದಲ ಮಹಡಿಯ ಗೋಡೆ ಎದ್ದ ಮೇಲೆ ಮೇಡಂ ಕೇಳಿದರು: "ಇಂಜಿನಿಯರ್ರೇ, ಮೇಲಿನ ಬೆಡ್‌ರೂಮಿಗೂ ಒಂದು ಅಟ್ಯಾಚ್ಡ್ ಬಾತ್‌ರೂಮ್ ಮಾಡಿಬಿಡಿ. ರೂಮಿನ ಒಳಗೇ ಅಲ್ವಾ, ಎರಡು ಗೋಡೆ ಅಷ್ಟೇ." ಮೂಲೆಯಲ್ಲಿ ನಾಲ್ಕು ಅಡಿ ಏಳು ಅಡಿ ಜಾಗ. ಮನೆಯ ಚದರಡಿ ಒಂದೂ ಹೆಚ್ಚಾಗುವುದಿಲ್ಲ.

ಇಂಥ ಹೊತ್ತಲ್ಲಿ ನಾನು ಅಗ್ರಿಮೆಂಟ್ ಪೇಪರ್ ತೆಗೆಯುವುದಿಲ್ಲ. ಅದನ್ನು ತೆಗೆದರೆ ಮಾತು ಬಾತ್‌ರೂಮ್ ಬಿಟ್ಟು ಯಾರು ಏನು ಹೇಳಿದ್ದರು ಅನ್ನುವ ಕಡೆ ಹೋಗುತ್ತದೆ. ಸ್ಥಳದಲ್ಲೇ ರೇಟನ್ನೂ ಹೇಳುವುದಿಲ್ಲ. "ಮಾಡಬಹುದು ಮೇಡಂ. ಏನೇನು ಬೇಕಾಗುತ್ತೆ ಅಂತ ತೋರಿಸ್ತೀನಿ, ಬನ್ನಿ" ಎಂದು ಮೇಡಂ, ಸರ್ ಇಬ್ಬರನ್ನೂ ಮೇಲೆ ಕರೆದುಕೊಂಡು ಹೋದೆ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾತ್‌ರೂಮ್ ಗೀಚಿದೆ. ಕಮೋಡ್ ಹೊರಗೋಡೆಗೆ ಬಂದರೆ ಅದರ ಪೈಪನ್ನು ಗೋಡೆಯಿಂದಲೇ ಹೊರಗೆ ಹಾಕಬಹುದು. ತೊಂದರೆ ಇರುವುದು ಸ್ನಾನದ ನೀರಿಗೆ. ಬೇರೆ ಬಾತ್‌ರೂಮ್‌ಗಳ ಕೆಳಗೆ ಮೋಲ್ಡ್ ಹಾಕುವಾಗಲೇ ಸ್ಲ್ಯಾಬ್ ತಗ್ಗಿಸಿರುತ್ತೇವೆ, ಪೈಪು, ನೆಲದ ನೀರು ಇಳಿಯುವ ನಾನಿ ಟ್ರ್ಯಾಪ್ ಆ ತಗ್ಗಿನಲ್ಲಿ ಕೂರುತ್ತವೆ. ಇಲ್ಲಿ ಸ್ಲ್ಯಾಬ್ ಮಟ್ಟಸವಾಗಿದೆ. ಆದ್ದರಿಂದ ಎರಡೇ ದಾರಿ. ಬಾತ್‌ರೂಮಿನ ನೆಲವನ್ನೇ ಒಂದು ಮೆಟ್ಟಿಲಿನಷ್ಟು ಎತ್ತರಿಸಬೇಕು. ಇಲ್ಲವೇ ಸ್ಲ್ಯಾಬ್ ಕೊರೆದು ಕೆಳಗಿನ ಹಾಲ್‌ನ ಚಾವಣಿಗೆ ಪೈಪ್ ಕಟ್ಟಿ, ಫಾಲ್ಸ್ ಸೀಲಿಂಗ್‌ನಲ್ಲಿ ಮುಚ್ಚಬೇಕು. ಮುಂದೆ ಲೀಕ್ ಆದರೆ ಹಾಲ್‌ನಲ್ಲೇ ತೊಟ್ಟಿಕ್ಕುತ್ತದೆ ಎಂದೂ ಹೇಳಿದೆ.

ಸರ್ ಸುಮ್ಮನೆ ನೋಡುತ್ತಿದ್ದವರು ಕೇಳಿದರು: "ಚದರಡಿ ರೇಟ್ ಮಾತಾಡಿದ್ದೀವಲ್ಲ, ಇದೂ ಅದರಲ್ಲೇ ಬರಲ್ವಾ?"

"ನಿಮ್ಮ ಲೆಕ್ಕ ಸರಿ ಸರ್, ಚದರಡಿ ಜಾಸ್ತಿ ಆಗಿಲ್ಲ. ಆದರೆ ಇಷ್ಟು ಜಾಗ ಬೆಡ್‌ರೂಮ್ ಆಗಿದ್ದರೆ ಇಲ್ಲಿಗೆ ಟೈಲ್ಸು, ಪೇಂಟು ಸಾಕಿತ್ತು. ಬಾತ್‌ರೂಮ್ ಆದರೆ ಪೈಪು, ವಾಟರ್‌ಪ್ರೂಫಿಂಗ್, ಗೋಡೆಗೂ ಟೈಲ್ಸು, ಬಾಗಿಲು, ಗೀಸರ್ ಪಾಯಿಂಟ್ ಎಲ್ಲಾ ಬೇಕು. ಸಂಜೆ ಲೆಕ್ಕ ಕಳಿಸ್ತೀನಿ, ನೋಡಿ ಹೇಳಿ." ಅಷ್ಟಕ್ಕೇ ನಿಲ್ಲಿಸಿದೆ. ಅವರು ಮತ್ತೆ ಕೇಳದೆ ನಾನೇ ಸಮಜಾಯಿಷಿ ಕೊಡುತ್ತಾ ಹೋದರೆ ಏನೋ ಮುಚ್ಚಿಡುತ್ತಿದ್ದಾನೆ ಅನಿಸುತ್ತದೆ.

ಲೆಕ್ಕ ಅದೇ ಸಂಜೆ ವಾಟ್ಸಾಪ್‌ನಲ್ಲಿ ಹೋಗಬೇಕು. ನಾಲ್ಕು ದಿನ ಬಿಟ್ಟರೆ ಅವರ ಮನಸ್ಸಿನಲ್ಲಿ ಆ ಬಾತ್‌ರೂಮ್ ಕಟ್ಟಿ ಮುಗಿದಿರುತ್ತದೆ. ನೆಲ ಎತ್ತರಿಸುವ ದಾರಿಗೆ ಒಟ್ಟು 1,12,000 ರೂಪಾಯಿ ಬಂತು. ಅದರ ಕೆಳಗೆ ಇನ್ನೊಂದು ಸಾಲು: ಆ ಜಾಗದಲ್ಲಿ ಉಳಿಯುವ ಬೆಡ್‌ರೂಮ್ ಟೈಲ್ಸ್, ಪೇಂಟ್ ಬಾಬ್ತು ಕಳೆಯುವುದು 4,000. ಕೊಡಬೇಕಾದ್ದು 1,08,000. ಆ ಕಳೆಯುವ ಸಾಲನ್ನು ನಾನು ಯಾವತ್ತೂ ಬಿಡುವುದಿಲ್ಲ. ಮೊತ್ತ ಚಿಕ್ಕದಾದರೂ ಲೆಕ್ಕ ಎರಡೂ ಕಡೆಯಿಂದ ಮಾಡಿದ್ದಾರೆ ಎಂದು ಗೊತ್ತಾಗುತ್ತದೆ.

ದಿನಗಳನ್ನೂ ಬಿಡಿಸಿ ಬರೆದೆ. ಗೋಡೆ ಕಟ್ಟಲು ಹೆಚ್ಚು ಹೊತ್ತು ಬೇಡ. ಆದರೆ ವಾಟರ್‌ಪ್ರೂಫಿಂಗ್ ಒಣಗಬೇಕು, ಆಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಬೇಕು. ಅಲ್ಲಿಯವರೆಗೆ ಟೈಲ್ಸ್‌ನವರು ಆ ರೂಮಿಗೆ ಬರುವ ಹಾಗಿಲ್ಲ. ಹೀಗಾಗಿ ಕೀ ಕೊಡುವುದು 12 ದಿನ ಮುಂದಕ್ಕೆ ಹೋಗುತ್ತದೆ. ಕೊನೆಯಲ್ಲಿ, "ಶನಿವಾರದೊಳಗೆ ಓಕೆ ಅಂದರೆ ಈ ಲೆಕ್ಕ. ಪ್ಲಾಸ್ಟರಿಂಗ್ ಶುರುವಾದ ಮೇಲಾದರೆ ಒಡೆಯುವ ಖರ್ಚೂ ಸೇರುತ್ತೆ. ಬೇಡ ಅಂದರೂ ಪರವಾಗಿಲ್ಲ, ಮೊದಲಿನ ಪ್ಲಾನ್‌ನಂತೆಯೇ ಮುಗಿಸ್ತೀವಿ" ಎಂದು ಬರೆದೆ.

ಮಾರನೇ ದಿನ ಸರ್ ಫೋನ್ ಮಾಡಿ ಚೌಕಾಸಿಗೆ ಇಳಿದರು. ನಾನು ರೇಟ್ ಇಳಿಸಲಿಲ್ಲ, ಕೆಲಸ ಇಳಿಸಿದೆ. ಕಮೋಡು, ಬೇಸಿನ್ನು, ನಲ್ಲಿ ಅವರೇ ತಂದುಕೊಟ್ಟರೆ 24,000 ಕಡಿಮೆ. ಹಾಗೇ ಸುಮ್ನೆ ಐದೋ ಹತ್ತೋ ಸಾವಿರ ಬಿಟ್ಟಿದ್ದರೆ ಮೊದಲು ಹೇಳಿದ್ದೇ ಉಬ್ಬಿಸಿದ ಲೆಕ್ಕ ಎಂದಾಗುತ್ತಿತ್ತು. 84,000ಕ್ಕೆ ಒಪ್ಪಿ ಅರ್ಧ ಕೊಟ್ಟರು. ಸ್ವಿಚ್ ಬೋರ್ಡ್ ಎರಡು ಅಡಿ ಸರಿಸಿದ್ದನ್ನು ಲೆಕ್ಕದ ಮೆಸೇಜಿನಲ್ಲೇ "ಚಾರ್ಜ್ ಇಲ್ಲ" ಎಂದು ಬರೆದಿದ್ದೆ. ಬಿಟ್ಟಿ ಮಾಡಿದ್ದೂ ದಾಖಲಾಗಿರಬೇಕು.

ಇದೆಲ್ಲ ನಡೆಯುವುದು ಕೆಲಸ ಶುರುವಾಗುವ ಮುಂಚೆ ಮಾತ್ರ. ಮಾಲೀಕರು ನೇರವಾಗಿ ಮೇಸ್ತ್ರಿಗೆ ಹೇಳಿ, ಅವನು "ಆಯ್ತು ಸಾರ್" ಎಂದು ಇಟ್ಟಿಗೆ ಇಟ್ಟುಬಿಟ್ಟರೆ ಆಮೇಲೆ ಯಾವ ಲೆಕ್ಕ ಕಳಿಸಿದರೂ ವಸೂಲಿಯಂತೆಯೇ ಕಾಣುತ್ತದೆ. ಅದಕ್ಕೇ ನಮ್ಮ ಮೇಸ್ತ್ರಿಗಳಿಗೆ ಹೇಳಿಟ್ಟಿದ್ದೇನೆ: ಇಲ್ಲ ಅನ್ನಬೇಡಿ, ಆಯ್ತು ಅನ್ನಬೇಡಿ, ನನಗೆ ಒಂದು ಫೋನ್ ಹಾಕಿ ಅಲ್ಲೇ ಅವರ ಕೈಗೆ ಕೊಡಿ.