ಮೂಲ ಕಡತವಿಲ್ಲದ ಬಾರ್ ಚಾರ್ಟ್‌ನ ಅಂಕಿ ತಿದ್ದುವುದು ಹೇಗೆ

ಸೆಪ್ಟೆಂಬರ್ ಹತ್ತಿರ ಬಂದಂತೆ ದಾವಣಗೆರೆಯ ಡಿಟಿಪಿ ಅಂಗಡಿಗಳಿಗೆ ಸಹಕಾರ ಸಂಘಗಳ ವಾರ್ಷಿಕ ವರದಿಗಳು ಬರತೊಡಗುತ್ತವೆ. ಅವುಗಳಲ್ಲಿ ಒಂದಾದರೂ ಬಾರ್ ಚಾರ್ಟ್ ತಪ್ಪು ಅಂಕಿ ಹೊತ್ತು ಬಂದಿರುತ್ತದೆ, ಅದನ್ನು ಮಾಡಿದ ಎಕ್ಸೆಲ್ ಕಡತ ಮಾತ್ರ ಸಿಗುವುದಿಲ್ಲ. ಆಗ ಹೆಚ್ಚಿನವರು ತಪ್ಪು ಅಂಕಿಯ ಮೇಲೆ ಬಿಳಿ ಚೌಕ ಹಾಕಿ ಹೊಸ ಅಂಕಿ ಬರೆದು ಮುದ್ರಣಕ್ಕೆ ಕಳಿಸಿಬಿಡುತ್ತಾರೆ. ಅಂಕಿ ಬದಲಾಗುತ್ತದೆ, ಕಂಬ ಮಾತ್ರ ಹಳೆಯ ಎತ್ತರದಲ್ಲೇ ನಿಂತಿರುತ್ತದೆ. ಓದುಗರ ಕಣ್ಣು ಅಂಕಿಗಿಂತ ಮೊದಲು ಕಂಬವನ್ನೇ ನೋಡುವುದರಿಂದ, ಇಂತಹ ಚಿತ್ರ ತಿದ್ದಿದ ಮೇಲೂ ತಪ್ಪಾಗಿಯೇ ಉಳಿಯುತ್ತದೆ.

ನಾನು ತಿದ್ದಿದ ಒಂದು ಚಿತ್ರವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಒಂದು ಸಂಘದ ಸದಸ್ಯರು ಐದು ವರ್ಷಗಳಲ್ಲಿ ತಂದ ಮೆಕ್ಕೆಜೋಳದ ಪ್ರಮಾಣವನ್ನು ಐದು ಕಂಬಗಳಲ್ಲಿ ತೋರಿಸಿದ್ದರು. ನಾಲ್ಕನೆಯ ಕಂಬದ ಮೇಲೆ 1840 ಇರಬೇಕಾದಲ್ಲಿ 1480 ಎಂದಿತ್ತು. ಲಂಬ ಅಕ್ಷದ ಪಕ್ಕದಲ್ಲಿ ‘ಕ್ವಿಂಟಾಲ್’ ಎಂದಿರಬೇಕಾದಲ್ಲಿ ‘ಟನ್’ ಎಂದಿತ್ತು.

ಮೊದಲು ಚಿತ್ರವನ್ನು ಸರಿಯಾದ ರೂಪದಲ್ಲಿ ತರಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ ಅಕ್ಷರಗಳ ಅಂಚು ಕೆಡುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಬಂದ ಪ್ರತಿಯನ್ನು ಹಾಗೆಯೇ ಇಟ್ಟು, ಅದರ ನಕಲನ್ನು ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ತೆರೆಯಿರಿ. Image ಪಟ್ಟಿಯ Mode ಅಡಿಯಲ್ಲಿ RGB ಎಂದಿರುವುದನ್ನು ಖಚಿತಪಡಿಸಿಕೊಳ್ಳಿ. ಅಳತೆ ಮುಗಿಯುವವರೆಗೆ ಚಿತ್ರವನ್ನು ಹಿಗ್ಗಿಸಬೇಡಿ, ಕುಗ್ಗಿಸಲೂಬೇಡಿ. ಮೊಬೈಲಿನಲ್ಲಿ ಅಂಕಿಯ ಮೇಲೆ ಪಟ್ಟಿ ಅಂಟಿಸುವ ಆ್ಯಪ್‌ಗಳು ಈ ಕೆಲಸಕ್ಕೆ ಬೇಡವೇ ಬೇಡ, ಏಕೆಂದರೆ ಅವುಗಳಲ್ಲಿ ಪಿಕ್ಸೆಲ್ ಲೆಕ್ಕ ಹಿಡಿಯಲು ಸಾಧ್ಯವಿಲ್ಲ.

ಎಲ್ಲರೂ ಬಿಟ್ಟುಬಿಡುವ ಹಂತವೆಂದರೆ ಕಂಬವನ್ನು ಅಳೆಯುವುದು. ತಪ್ಪಾಗಿರುವುದು ಮೇಲಿನ ಅಂಕಿ ಮಾತ್ರವೋ, ಇಲ್ಲವೇ ಕಂಬವೂ ಆ ತಪ್ಪು ಅಂಕಿಯಿಂದಲೇ ಹುಟ್ಟಿದ್ದೋ ಎಂಬುದನ್ನು ಕಂಬವೇ ಹೇಳುತ್ತದೆ. ಗಿಂಪ್‌ನಲ್ಲಿ ಮೌಸ್ ಆಡಿಸಿದಂತೆ ಕಿಟಕಿಯ ಕೆಳಗಿನ ಎಡ ಮೂಲೆಯಲ್ಲಿ ಎರಡು ಸಂಖ್ಯೆಗಳು ಕಾಣುತ್ತವೆ. ಎರಡನೆಯದು ಚಿತ್ರದ ಮೇಲಂಚಿನಿಂದ ಕೆಳಕ್ಕೆ ಎಣಿಸಿದ ದೂರ, ಹಾಗಾಗಿ ಕೆಳಗೆ ಹೋದಷ್ಟೂ ಅದು ಹೆಚ್ಚುತ್ತದೆ. ಚಿತ್ರವನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ (ಇದು ನೋಟಕ್ಕಷ್ಟೇ, ಚಿತ್ರದ ಗಾತ್ರ ಬದಲಾಗುವುದಿಲ್ಲ), ಸೊನ್ನೆಯ ಗೆರೆ, 2000ದ ಅಡ್ಡಗೆರೆ ಮತ್ತು ನಾಲ್ಕನೆಯ ಕಂಬದ ತುದಿ ಎಲ್ಲಿವೆ ಎಂದು ಬರೆದುಕೊಂಡೆ. ಅವು ಕ್ರಮವಾಗಿ 640, 140 ಮತ್ತು 270 ಆಗಿದ್ದವು. ಸೊನ್ನೆಯಿಂದ 2000ಕ್ಕೆ 500 ಪಿಕ್ಸೆಲ್ ಎಂದರೆ ಒಂದು ಪಿಕ್ಸೆಲ್‌ಗೆ 4 ಕ್ವಿಂಟಾಲ್.

```
(640 - 270) × 4 = 1480
(640 - 180) × 4 = 1840
```

ಕಂಬದ ಎತ್ತರ 1480ಕ್ಕೆ ಸರಿಯಾಗಿ ಹೊಂದಿತು. ಅಂದರೆ ಕಡತದಲ್ಲಿಯೇ ಅಂಕಿ ಹಿಂದುಮುಂದಾಗಿತ್ತು, ಕಂಬವನ್ನೂ ಏರಿಸಲೇಬೇಕಿತ್ತು. ತುದಿ 180ರಲ್ಲಿ ಸಿಕ್ಕಿದ್ದರೆ ಕಂಬ ಸರಿಯಿದೆ, ಮೇಲಿನ ಅಂಕಿಯನ್ನು ಮಾತ್ರ ಯಾರೋ ಕೈಯಿಂದ ತಪ್ಪಾಗಿ ಬರೆದಿದ್ದಾರೆ ಎಂದು ತಿಳಿಯಬೇಕಿತ್ತು. ಎರಡಕ್ಕೂ ಹೊಂದದ ಎತ್ತರ ಬಂದರೆ ಕೈಹಾಕದೆ ವರದಿ ಬರೆದವರನ್ನು ಕೇಳಿ. ಸರಿಯಾದ ಅಂಕಿ ಯಾವುದೆಂಬುದನ್ನು ಹೇಗಿದ್ದರೂ ಅವರಿಂದ ಬರಹದಲ್ಲೇ ಪಡೆಯಬೇಕು.

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಅಳತೆಯನ್ನು ನಂಬುವ ಮುನ್ನ ತಪ್ಪಿಲ್ಲದ ಮತ್ತೊಂದು ಕಂಬವನ್ನು ಅಳೆದು, ಅದರ ಮೇಲಿನ ಅಂಕಿಗೆ ತಾಳೆಯಾಗುತ್ತದೆಯೇ ನೋಡಿ. ಅಂಚು ಮಸುಕಾಗಿರುವುದರಿಂದ ಒಂದು ಪಿಕ್ಸೆಲ್ ಆಚೀಚೆ, ಅಂದರೆ ಈ ಚಿತ್ರದಲ್ಲಿ 4 ಕ್ವಿಂಟಾಲ್ ವ್ಯತ್ಯಾಸ ಬರುವುದು ಸಹಜ. ಮತ್ತೊಂದು ಎಚ್ಚರಿಕೆ ಅಕ್ಷದ ಬುಡದ್ದು. ಕೆಲವು ಚಾರ್ಟ್‌ಗಳು ಸೊನ್ನೆಯ ಬದಲು 500ರಿಂದಲೋ 1000ದಿಂದಲೋ ಶುರುವಾಗುತ್ತವೆ. ಅಂತಹ ಚಿತ್ರದಲ್ಲಿ ಎರಡು ಅಡ್ಡಗೆರೆಗಳ ನಡುವಿನ ದೂರದಿಂದ ಪಿಕ್ಸೆಲ್‌ನ ಬೆಲೆ ಕಂಡುಹಿಡಿದು, ಗುಣಿಸಿ ಬಂದ ಉತ್ತರಕ್ಕೆ ಬುಡದ ಅಂಕಿಯನ್ನು ಕೂಡಿಸಬೇಕು.

ತಿದ್ದುವಾಗ ಅಂಕಿ ಮೊದಲು, ಕಂಬ ಆಮೇಲೆ. ಏರಿಸಿದ ಕಂಬ ಹಳೆಯ ಅಂಕಿಯನ್ನು ಮುಚ್ಚಿಬಿಡುವುದರಿಂದ ಈ ಕ್ರಮ ತಪ್ಪಬಾರದು. ಹೊಸ ಅಂಕಿ ಬರೆಯಲು ಅದೇ ಫಾಂಟ್ ಹುಡುಕುತ್ತಾ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ. 1480 ಎಂಬಲ್ಲಿ 1840ಕ್ಕೆ ಬೇಕಾದ ನಾಲ್ಕೂ ಅಂಕಿಗಳು ಇದ್ದೇ ಇವೆ. ಅದನ್ನು ಹೊಸ ಲೇಯರ್‌ಗೆ ನಕಲು ಮಾಡಿ, 4 ಮತ್ತು 8 ಇರುವ ತುಣುಕುಗಳನ್ನು ಅದಲುಬದಲು ಮಾಡಿ, ಇಡೀ ಲೇಯರನ್ನು 90 ಪಿಕ್ಸೆಲ್ ಮೇಲಕ್ಕೆ ಸರಿಸಿದರೆ ಸಾಕು. ಬೇಕಾದ ಅಂಕಿ ಅಲ್ಲಿಲ್ಲದಿದ್ದರೆ ಪಕ್ಕದ ಕಂಬದಿಂದ ಎರವಲು ತನ್ನಿ. ಹಾಗೆ ತಂದ ಅಂಕಿಯ ಅಂಚಿನ ಮಸುಕು ಸಹ ಉಳಿದವುಗಳಂತೆಯೇ ಇರುವುದರಿಂದ, ಯಾವ ಫಾಂಟ್‌ನಲ್ಲಿ ಬರೆದರೂ ಬಾರದ ಹೊಂದಿಕೆ ಇಲ್ಲಿ ಬರುತ್ತದೆ.

ಕಂಬ ಏರಿಸಲು ಅದರದೇ ತುಂಡೊಂದನ್ನು ಬಳಸಿ. ಕಂಬದ ಅಗಲಕ್ಕೆ ಸರಿಯಾಗಿ 290ರಿಂದ 382ರವರೆಗಿನ ಭಾಗವನ್ನು ನಕಲು ಮಾಡಿ, ಅದರ ತುದಿ 180ಕ್ಕೆ ಬರುವಂತೆ ಕೂರಿಸಿದೆ. ಬೇಕಾದದ್ದು 90 ಪಿಕ್ಸೆಲ್, ತೆಗೆದುಕೊಂಡದ್ದು 92. ಹೆಚ್ಚುವರಿ ಎರಡು ಪಿಕ್ಸೆಲ್ ಹಳೆಯ ತುದಿಯ ಮಸುಕನ್ನು ಮುಚ್ಚಲು, ಇಲ್ಲವಾದರೆ ಕಂಬದ ನಡುವೆ ತೆಳ್ಳನೆಯ ಗೆರೆ ಉಳಿಯುತ್ತದೆ. ಬಣ್ಣ ಮೇಲಿಂದ ಕೆಳಕ್ಕೆ ತಿಳಿಯಾಗುತ್ತಾ ಹೋಗುವ ಕಂಬವಾದರೆ ತುಂಡು ಅಂಟಿಸಬೇಡಿ, ಇಡೀ ಕಂಬವನ್ನೇ 370ರಿಂದ 460 ಪಿಕ್ಸೆಲ್‌ಗೆ ಎಳೆಯಿರಿ.

ಅಕ್ಷದ ಹೆಸರಿನ ವಿಷಯಕ್ಕೆ ಬಂದರೆ, ಒಂದು ಟನ್ ಎಂದರೆ ಹತ್ತು ಕ್ವಿಂಟಾಲ್ ಆಗಿರುವುದರಿಂದ ‘ಟನ್’ ಎಂಬ ಒಂದು ಪದ ಇಡೀ ಚಾರ್ಟನ್ನು ಹತ್ತುಪಟ್ಟು ಹಿಗ್ಗಿಸಿತ್ತು. ಅಕ್ಷದ ಪ್ರತಿ ಅಂಕಿಯನ್ನೂ ಹತ್ತರಿಂದ ಭಾಗಿಸಿ ಬರೆಯುವುದಕ್ಕಿಂತ ಪದವನ್ನು ಬದಲಿಸುವುದೇ ಕ್ಷೇಮ. ಜೆಪಿಇಜಿ ಚಿತ್ರದಲ್ಲಿ ಅಕ್ಷರದ ಸುತ್ತ ಬೂದು ಚುಕ್ಕೆಗಳು ಹರಡಿರುತ್ತವೆ. ಆ ಚಿತ್ರವನ್ನು 8 ಪಿಕ್ಸೆಲ್‌ಗಳ ಚೌಕಗಳಾಗಿ ಒತ್ತಿರುವುದೇ ಇದಕ್ಕೆ ಕಾರಣ. ಆದ್ದರಿಂದ ಅಳಿಸುವಾಗ ಅಕ್ಷರಗಳ ಸುತ್ತ ಕನಿಷ್ಠ 8 ಪಿಕ್ಸೆಲ್ ಜಾಗ ಸೇರಿಸಿಕೊಳ್ಳಿ, ಆದರೆ ಅಕ್ಷದ ಗೆರೆ ಅದರಲ್ಲಿ ಸಿಕ್ಕಿಕೊಳ್ಳದಿರಲಿ. ತುಂಬುವ ಬಣ್ಣವನ್ನು ಊಹೆಯ ಬಿಳಿಯಿಂದಲ್ಲ, ಪಕ್ಕದ ಖಾಲಿ ಜಾಗದಿಂದ ಹೆಕ್ಕಿ. ಹೊಸ ಪದವನ್ನು ಯೂನಿಕೋಡ್ ಫಾಂಟ್‌ನಲ್ಲಿ ಬರೆಯಿರಿ, ನಾನು ನೋಟೊ ಸಾನ್ಸ್ ಕನ್ನಡವನ್ನೇ ಬಳಸುತ್ತೇನೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಪಠ್ಯವನ್ನು ಅಂಟಿಸಿದರೆ ಬೇರೆ ಫಾಂಟ್‌ನಲ್ಲಿ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ‘ಕ್ವಿಂ’ ಎಂಬಲ್ಲಿ ವಕಾರದ ಒತ್ತು ಕೆಳಗೆ ಸರಿಯಾಗಿ ಕುಳಿತಿದೆಯೇ ನೋಡಿಕೊಂಡ ಮೇಲೆಯೇ ಪದವನ್ನು ಲಂಬವಾಗಿ ತಿರುಗಿಸಿ.

ಐದರಲ್ಲಿ ಮೂರು ಕಂಬ ತಪ್ಪಾಗಿದ್ದರೆ, ಇಲ್ಲವೇ ಮುದ್ರಣಕ್ಕೆ ಚಿತ್ರ ತೀರ ಸಣ್ಣದಾಗಿದ್ದರೆ, ಈ ತೇಪೆಯ ಕೆಲಸ ಬಿಟ್ಟು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಹೊಸದಾಗಿ ಚಾರ್ಟ್ ಮಾಡಿ. 300 ಡಿಪಿಐನಲ್ಲಿ 8 ಸೆಂಟಿಮೀಟರ್ ಅಗಲಕ್ಕೇ ಸುಮಾರು 945 ಪಿಕ್ಸೆಲ್ ಬೇಕು. ಕಂಬದ ಮೇಲೆ ಸರಿಯಾದ ಅಂಕಿ ಬರೆದಿದ್ದರೆ ಅದನ್ನೇ ತೆಗೆದುಕೊಳ್ಳಿ, ಬರೆದಿಲ್ಲದಿದ್ದರೆ ಮಾತ್ರ ಅಳೆದ ಅಂಕಿಯನ್ನು ‘ಸುಮಾರು’ ಎಂಬ ಸೂಚನೆಯೊಂದಿಗೆ ಬಳಸಿ.

ಕೊನೆಗೆ ಹೊಸ ತುದಿಯನ್ನು ಮತ್ತೆ ಅಳೆದು 180 ಬಂದಿದೆಯೇ ನೋಡಿ, ಲೇಯರ್‌ಗಳಿರುವ ಎಕ್ಸ್‌ಸಿಎಫ್ ಕಡತವನ್ನು ಉಳಿಸಿಟ್ಟು, ಮುದ್ರಣಕ್ಕೆ ಪಿಎನ್‌ಜಿ ಪ್ರತಿಯನ್ನು ಕೊಡಿ. ಹಳೆಯ ಚಿತ್ರ ಈಗಾಗಲೇ ಸದಸ್ಯರ ಕೈಸೇರಿದ್ದರೆ, ನಾಲ್ಕನೆಯ ವರ್ಷದ ಅಂಕಿ ಮತ್ತು ಅಳತೆಯ ಘಟಕ ಎರಡನ್ನೂ ತಿದ್ದಲಾಗಿದೆ ಎಂದು ಚಾರ್ಟ್‌ನ ಕೆಳಗೆ ಒಂದು ಸಾಲು ಹಾಕಿಸಿ.